ಹಾಲು ಉಕ್ಕಿದ ದಿನ, ಕೀಲಿ ಕೊಟ್ಟ ದಿನ

ಜುಲೈ ಎಂಟನೆಯ ತಾರೀಖು, ಮಂಗಳವಾರ ಸಂಜೆ, ಗುತ್ತಿಗೆದಾರ ನಿಖಾಡೆ ನಮ್ಮ ಮನೆಗೆ ಬಂದ. ಕೈಯಲ್ಲಿ ಅರ್ಧ ಕಿಲೋ ಕಿತ್ತಳೆ ಹಣ್ಣಿನ ಸಂತ್ರಾ ಬರ್ಫಿ ಇತ್ತು. ಪ್ರತಾಪ ನಗರದ ಈ ಮನೆಯನ್ನು ಹೋದ ವರ್ಷ ಒಡೆದು ಕಟ್ಟಿ ಹೊಸದು ಮಾಡಿಕೊಟ್ಟವನು ಅವನೇ. ನವೆಂಬರಿನಲ್ಲಿ ನನ್ನ ಮಗ ಶ್ರೀಶ ಹಿಂಗಣಾ ರಸ್ತೆಯಲ್ಲಿ, ಕಾರ್ಖಾನೆಯಿಂದ ಬರುವಾಗ, ಟ್ರಕ್ಕಿನಡಿ ಹೋದ. ಆಗ ಮೂರು ದಿನವೂ ಬಂದು ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಕುಳಿತು ಅತ್ತವನೂ ಅವನೇ. ಹೀಗಾಗಿ ಅವನೊಂದಿಗೆ ಜೋರಾಗಿ ಮಾತಾಡಲು ನನಗೆ ಬಾಯಿ ಬರುತ್ತಿರಲಿಲ್ಲ.

ನಿಖಾಡೆ ಮಾತಾಡುವುದು ಮರಾಠಿ. ನಾನು ಇಲ್ಲಿ ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ.

"ಆಯಿ, ವರ್ಷ ಆತು. ಜೂನ್ ಇಪ್ಪತ್ತೆಂಟಕ್ಕ ಬರೋಬರ್ ವರ್ಷ. ಶ್ರೀಶಭಾವು ತಡೆದಿಟ್ಟಿದ್ದ ಐದು ಪರ್ಸೆಂಟ್ ಈಗ ಬಿಟ್ಟುಕೊಟ್ಟ್ರ ಚಲೋ ಆಗ್ತದ. ಪೋರಿ ಲಗ್ನ ಅದ."

ಕೆಲಸದ ಹಣದಲ್ಲಿ ನೂರಕ್ಕೆ ಐದು ಪಾಲು ತಡೆದು ಇಡುವುದು, ವರ್ಷದೊಳಗೆ ಸೋರಿಕೆ ಬಿರುಕು ಕಂಡರೆ ಅವನು ಬಂದು ಸರಿಮಾಡುವುದು, ವರ್ಷ ಕಳೆದ ಮೇಲೆ ಆ ಹಣ ಕೊಡುವುದು: ಇಷ್ಟು ಕರಾರು ಇದೆ ಎಂದು ಶ್ರೀಶ ಊಟಕ್ಕೆ ಕುಳಿತಾಗ ಹೇಳಿದ್ದು ನನಗೆ ನೆನಪಿತ್ತು.

"ಗ್ವಾಡಿ ಹಸಿ ಆಗ್ಯದಲ್ಲಪ್ಪಾ," ಎಂದೆ. "ಮಾರ್ಚದಾಗ ಫೋನ್ ಮಾಡಿದ್ದೆ. ಮೇದಾಗ ಮತ್ತ ಮಾಡಿದ್ದೆ. ಬರ್ತೀನಿ ಬರ್ತೀನಿ ಅಂದಿ."

"ಬರಬೇಕಂತನ ಇದ್ದೆ ಆಯಿ. ಆದ್ರ ಈಗ ವರ್ಷ ಮುಗೀತು ನೋಡ್ರಿ. ಈಗ ಮಾಡಿದ್ರ ಅದು ಹೊಸಾ ಕೆಲಸ ಆಗ್ತದ." ತುಸು ಹೊತ್ತು ಬರ್ಫಿಯ ಡಬ್ಬಿಯನ್ನೇ ನೋಡಿದ. "ನಿಮ್ಮಿಂದ ಪೂರಾ ಹ್ಯಾಂಗ ತಗೊಳ್ಳೂದು? ನಾಳೆ ಬೆಳಿಗ್ಗೆ ಪೇಂಟರ್‌ನ ಕಳಸ್ತೀನಿ. ಕೆರೆದು, ಪುಟ್ಟಿ ತುಂಬಿ, ನೀರು ಹಿಡಿಯಲಾರದ ಬಣ್ಣ ಎರಡು ಕೋಟ್ ಹೊಡೆದು ಬಿಡ್ತಾನ. ಖರ್ಚು ಅರ್ಧಾ ನಿಮ್ದು, ಅರ್ಧಾ ನನ್ದು."

ನಾನು ಆಗಲಿ ಎಂದೆ. ಆಗ ನನಗೆ ಎಲ್ಲದಕ್ಕೂ ಆಗಲಿ ಎನ್ನುವುದೇ ರೂಢಿಯಾಗಿತ್ತು.

ಹಸಿಯಾದ ಗೋಡೆ ಇದ್ದದ್ದು ಕೆಳಗಿನ ಸಣ್ಣ ಕೋಣೆಯಲ್ಲಿ. ಅದರ ಮೇಲೆಯೇ ಮಹಡಿಯ ಬಚ್ಚಲು. ಶ್ರೀಶ ಹೋದ ಮೇಲೆ ಸೊಸೆ ಸುಮೇಧಾ ಮಹಡಿಯ ಕೋಣೆ ಬಿಟ್ಟು ಈ ಸಣ್ಣ ಕೋಣೆಗೆ ಬಂದಿದ್ದಳು. ಯಾಕೆ ಎಂದು ನಾನು ಕೇಳಲಿಲ್ಲ. ಫೆಬ್ರುವರಿಯಲ್ಲಿ ಗೋಡೆಯ ಮೇಲ್ತುದಿಯಲ್ಲಿ ಅಂಗೈಯಷ್ಟು ಕಲೆ ಮೂಡಿತು. ಅವಳು ಮಂಚವನ್ನು ಒಂದು ಗೇಣು ಈಚೆಗೆ ಎಳೆದಳು. ಕಲೆ ಇಳಿಯಿತು, ಮಂಚ ಇನ್ನೊಂದು ಗೇಣು ಸರಿಯಿತು. ಜೂನ್ ಹೊತ್ತಿಗೆ ಮಂಚ ಕೋಣೆಯ ನಡುವಿಗೆ ಬಂದಿತ್ತು, ಕಲೆ ವಿದ್ಯುತ್ ಬೋರ್ಡಿನಿಂದ ನಾಲ್ಕು ಬೆರಳು ಮೇಲಿತ್ತು. ಬಣ್ಣ ಹಪ್ಪಳದಂತೆ ಏಳುತ್ತಿತ್ತು. ಬೆಳಿಗ್ಗೆ ಹಾಸಿಗೆಯ ಮೇಲೆ ಬಿದ್ದ ಬಿಳಿಯ ಚೂರುಗಳನ್ನು ಅವಳು ಕೈಯಿಂದ ಝಾಡಿಸಿ ಬ್ಯಾಂಕಿಗೆ ಹೋಗುತ್ತಿದ್ದಳು. ಇಬ್ಬರೂ ನೋಡುತ್ತಿದ್ದೆವು. ನೋಡಿದ್ದು ಒಳಗೆ ಇಳಿಯುತ್ತಿರಲಿಲ್ಲ.

ಆ ಸಂಜೆ ಅವಳು ಕೆಲಸದಿಂದ ಬಂದ ಮೇಲೆ ನಿಖಾಡೆ ಹೇಳಿದ್ದನ್ನು ಹೇಳಿದೆ.

"ಕೊಟ್ಟು ಬಿಡೂಣು ಅತ್ಯಾ," ಎಂದಳು. ಫೋನು ತೆಗೆದಳು. "ಈಗ ಟ್ರಾನ್ಸ್‌ಫರ್ ಮಾಡ್ತೀನಿ. ಜಾವೂ ದ್ಯಾ, ಹೋಗ್ಲಿ ಬಿಡ್ರಿ. ಎಷ್ಟದ?"

ಎಷ್ಟು ಎಂಬುದು ನನಗೂ ಗೊತ್ತಿರಲಿಲ್ಲ. ಅದು ಶ್ರೀಶನ ಫೈಲಿನಲ್ಲಿತ್ತು. ಫೈಲು ಮಹಡಿಯ ಕಪಾಟಿನಲ್ಲಿ. ಸುಮೇಧಾ ಮೆಟ್ಟಿಲ ಕಡೆ ನೋಡಿದಳು, ಫೋನನ್ನು ಮೇಜಿನ ಮೇಲೆ ಇಟ್ಟಳು. ಸ್ನಾನಕ್ಕೆ ಮಾತ್ರ ಅವಳು ಮೇಲೆ ಹೋಗುತ್ತಿದ್ದದ್ದು. ಕಪಾಟು ಮುಟ್ಟಿರಲಿಲ್ಲ. ನಾನೇ ಹತ್ತಿದೆ.

ನೀಲಿ ಫೈಲು. ಮೇಲೆ ಅವನ ಅಕ್ಷರದಲ್ಲಿ "ಮನೆ". ತೆರೆದರೆ ಒಳಗೆಲ್ಲ ಮರಾಠಿ. ಶ್ರೀಶ ಸಣ್ಣವನಿದ್ದಾಗ ರಾತ್ರಿ ಶಾಲೆಗೆ ಹೋಗಿ ನಾನು ಮರಾಠಿ ಓದಲು ಕಲಿತದ್ದು. ಈಗಲೂ ಬೆರಳಿಟ್ಟು ಓದುತ್ತೇನೆ, ಒಂದು ಸಾಲು ಬಿಟ್ಟು ಇನ್ನೊಂದಕ್ಕೆ ಹಾರಲು ಬರುವುದಿಲ್ಲ. ಮಂಚದ ಅಂಚಿಗೆ ಕುಳಿತು ಮೊದಲ ಪುಟದಿಂದ ಓದುತ್ತಾ ಹೋದೆ. ಸಿಮೆಂಟು ಯಾವುದು, ಫರಸಿ ಅಂದರೆ ಟೈಲ್ಸು ಎಷ್ಟು, ಪೈಪು ಎಷ್ಟು ದಪ್ಪ. ಹದಿನಾಲ್ಕನೆಯ ಕಲಮಿನಲ್ಲಿ ದೋಷದ ಹೊಣೆಯ ಮಾತು ಬಂತು.

ಅದರಲ್ಲಿ ಇದ್ದದ್ದು ಹೀಗೆ. ಇಬ್ಬರೂ ಸಹಿ ಮಾಡಿದ ಹಸ್ತಾಂತರ ಪತ್ರದ ತಾರೀಖಿನಿಂದ ಹನ್ನೆರಡು ತಿಂಗಳು ದೋಷದ ಹೊಣೆ ಗುತ್ತಿಗೆದಾರನದು. ಆ ಅವಧಿಯೊಳಗೆ ಸೋರಿಕೆ, ಬಿರುಕು, ಟೊಳ್ಳು ಫರಸಿ ಕಂಡು ಮಾಲೀಕರು ಬರಹದಲ್ಲಿ ತಿಳಿಸಿದರೆ, ಏಳು ದಿನದೊಳಗೆ ಬಂದು ನೋಡಬೇಕು, ಹದಿನೈದು ದಿನದೊಳಗೆ ತನ್ನ ಖರ್ಚಿನಲ್ಲಿ ಸರಿಮಾಡಲು ತೊಡಗಬೇಕು. ಮಾಡದಿದ್ದರೆ ಮಾಲೀಕರು ಬೇರೆಯವರಿಂದ ಮಾಡಿಸಿ ಆ ಖರ್ಚನ್ನು ತಡೆದ ಹಣದಿಂದ ಮುರಿದುಕೊಳ್ಳಬಹುದು. ತಿಳಿಸುವ ಮುಂಚೆ ಮಾಲೀಕರೇ ಬೇರೆಯವರಿಂದ ಆ ಜಾಗವನ್ನು ಒಡೆಸಿದರೆ, ಮುಚ್ಚಿಸಿದರೆ, ಹೊಣೆ ಇಲ್ಲ.

ಬರಹದಲ್ಲಿ. ನಾನು ಆ ಶಬ್ದವನ್ನು ಎರಡು ಸಲ ಓದಿದೆ. ನಾವು ಮಾಡಿದ್ದು ಬರೀ ಫೋನು.

ಮತ್ತೆ ಹಾಳೆ ತಿರುವಿದೆ. ಹಸ್ತಾಂತರ ಪತ್ರ ಕೊನೆಯಲ್ಲಿತ್ತು, ಒಂದೇ ಹಾಳೆ. ತಾರೀಖು ಜುಲೈ ಹತ್ತೊಂಬತ್ತು.

ಜೂನ್ ಇಪ್ಪತ್ತೆಂಟು ನಾವು ಹಾಲು ಉಕ್ಕಿಸಿದ ದಿನ. ಮನೆಯ ಕೆಲಸ ನಡೆದ ಎರಡು ತಿಂಗಳು ನಾವು ಬಜಾಜ್ ನಗರದಲ್ಲಿ ಬಾಡಿಗೆಗೆ ಇದ್ದೆವು. ಆಷಾಢ ಬರಲಿತ್ತು. ಆಷಾಢದಲ್ಲಿ ಒಲೆ ಹೂಡಬಾರದು. ಒಮ್ಮೆ ಹಾಲು ಉಕ್ಕಿಸಿಬಿಟ್ಟರೆ ಆಮೇಲೆ ಆಷಾಢದಲ್ಲಿ ಸಾಮಾನು ತಂದರೂ ಅಡ್ಡಿಯಿಲ್ಲ ಎಂದು ನಾನು ಹಟ ಹಿಡಿದೆ. ಶುಕ್ರವಾರ ಸಿಕ್ಕಿತು. ಅಡುಗೆಮನೆಗೆ ಬಾಗಿಲೂ ಕೂಡಿಸಿರಲಿಲ್ಲ. ಹಾಲು ಪೂರ್ವಕ್ಕೆ ಉಕ್ಕಿತು, ಎಲ್ಲರಿಗೂ ಪೇಢೆ ಹಂಚಿದೆವು, ನಿಖಾಡೆಗೂ ಕೊಟ್ಟೆವು. ಅದೊಂದು ರಾತ್ರಿ ಮಲಗಿ ಮರುದಿನ ಬಜಾಜ್ ನಗರಕ್ಕೆ ಹೋದೆವು. ಕೀಲಿ ನಿಖಾಡೆಯ ಕೈಯಲ್ಲೇ ಉಳಿಯಿತು.

ಪತ್ರದ ಕೆಳಗೆ ಶ್ರೀಶ ಹೀಗೆ ಬರೆದಿದ್ದ: "28 ಜೂನ್‌ಗೆ ಪೂಜೆಗೆಂದು ಅಡುಗೆಮನೆ ಮಾತ್ರ ಒಂದು ದಿನ ಬಳಸಿದ್ದು ಹಸ್ತಾಂತರ ಅಲ್ಲ. ಉಳಿದ ಹನ್ನೊಂದು ಕೆಲಸ ಮುಗಿದು ಇವತ್ತು ಎರಡೂ ಕೀಲಿ ಸಿಕ್ಕವು. ದೋಷದ ಹೊಣೆ ಇವತ್ತಿನಿಂದ, ಬರುವ ವರ್ಷದ 18 ಜುಲೈವರೆಗೆ." ಅದರಡಿ ಅವನ ಸಹಿ, ಅದರಡಿ ನಿಖಾಡೆಯ ಸಹಿ.

ಇವತ್ತು ಎಂಟು. ಇನ್ನೂ ಹತ್ತು ದಿನ ಇತ್ತು.

ಅಳು ಬರಬಹುದು ಎಂದುಕೊಂಡೆ, ಬರಲಿಲ್ಲ. ಹಾಳೆಯನ್ನು ಹಿಡಿದು ಕೆಳಗೆ ಬಂದು, "ರೊಕ್ಕಾ ಕಳಸಬ್ಯಾಡ," ಎಂದೆ. ಸುಮೇಧಾ ಕೈ ಚಾಚಿದಳು. ಹಾಳೆ ಕೈಗೆ ಕೊಟ್ಟೆ. ಓದಿದಳು. ಅವನ ಅಕ್ಷರದ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ನಿಂತಿದ್ದಳು, ಬಹಳ ಹೊತ್ತು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಪೇಂಟರ್ ಬಾಗಿಲಿಗೆ ಬಂದ, ಪುಟ್ಟಿಯ ಚೀಲ ಹೊತ್ತು. ಚಹಾ ಕೊಟ್ಟು ವಾಪಸು ಕಳಿಸಿದೆ. ಮಧ್ಯಾಹ್ನ ಶ್ರೀಪಾದರಾವ್ ಬಂದರು. ನಮ್ಮ ಓಣಿಯ ಆಚೆಗಿದ್ದಾರೆ, ಬಾಗಲಕೋಟೆಯ ಕಡೆಯವರು, ಕೇಂದ್ರ ಸರಕಾರದ ಕಟ್ಟಡ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಫೈಲನ್ನು ಕನ್ನಡಕ ಏರಿಸಿ ಓದಿದರು.

"ರಾಜಕ್ಕ, ಪೇಂಟರ್‌ನ ಒಳಗ ಬಿಟ್ಟಿದ್ರೇನು?"

"ಇಲ್ಲ."

"ಪುಣ್ಯಾ ಮಾಡಿದ್ರಿ. ಬಿಟ್ಟಿದ್ರ ಪುರಾವಾನೇ ಹೋಗ್ತಿತ್ತು. ಆಮ್ಯಾಲ ಅವನ ಅಂತಿದ್ದ, ಯಾರೋ ಕೈ ಹಚ್ಯಾರ, ನಂದಲ್ಲ ಅಂತ." ಕೋಣೆಗೆ ಹೋಗಿ ಗೋಡೆ ನೋಡಿದರು. "ಇದು ಬಣ್ಣದ ರೋಗ ಅಲ್ಲ. ಮ್ಯಾಲಿಂದ ನೀರು ಬರಾಕತ್ತದ. ಬಣ್ಣಾ ಹೊಡದ್ರ ಜ್ವರಾ ಬಂದಾವಗ ಪೌಡರ್ ಹಚ್ಚಿಧಂಗ."

ಬಿರುಕುಗಳನ್ನೂ ತೋರಿಸಿದೆ. ಕೋಣೆಯಲ್ಲಿ ಎರಡು ಇದ್ದವು. ಕಿಟಕಿಯ ಮೇಲಿನ ಗಿಲಾವಿನಲ್ಲಿ, ಸಿಮೆಂಟಿನ ಮೇಲ್ಪದರಿನಲ್ಲಿ, ಕೂದಲಿನಂಥ ಗೆರೆಗಳ ಜಾಲ. ಇನ್ನೊಂದು, ಬಾಗಿಲನ್ನು ಸರಿಸಿ ಹೊಸದಾಗಿ ಇಟ್ಟಿಗೆ ಕಟ್ಟಿದಲ್ಲಿ, ತೊಲೆಯ ಕೆಳಗೆ ಉದ್ದಕ್ಕೆ ಹೋದ ಒಡಕು. ಶ್ರೀಪಾದರಾವ್ ಕಿಸೆಯಿಂದ ಒಂದು ರೂಪಾಯಿ ನಾಣ್ಯ ತೆಗೆದು ಅಂಚನ್ನು ಒತ್ತಿದರು. ಕಿಟಕಿಯ ಗೆರೆಗೆ ಹೋಗಲಿಲ್ಲ, ತೊಲೆಯ ಕೆಳಗಿನದರಲ್ಲಿ ನಿಂತುಕೊಂಡಿತು.

"ಕಿಟಕಿದು ಗಿಲಾವು ಒಣಗಿದ್ದು. ಅದಕ್ಕ ಜಗಳಾ ಮಾಡಬ್ಯಾಡ್ರಿ, ವರ್ಷದ ಕೊನಿಗೆ ಒಮ್ಮೆ ತುಂಬಿಕೊಟ್ರ ಸಾಕು. ಇದು ಹಂಗಲ್ಲ. ಹಳೀ ತೊಲಿಗೂ ಹೊಸಾ ಇಟ್ಟಂಗಿಗೂ ನಡುವ ತಂತಿ ಜಾಳಿಗಿ ಹೊಡದಿಲ್ಲ. ಎರಡನ್ನೂ ಬರೀರಿ, ಆದ್ರ ಬ್ಯಾರೆ ಬ್ಯಾರೆ ಬರೀರಿ. ಎಲ್ಲಾ ಕೂಡಿಸಿ 'ಮನಿ ಹಾಳಾತು' ಅಂದ್ರ ಯಾರೂ ಕೇಳೂದಿಲ್ಲ."

ಅವರು ಹೇಳಿದಂತೆ ಸುಮೇಧಾ ಪೆನ್ಸಿಲ್ ತಗೊಂಡು ಹಸಿಯ ಅಂಚಿಗೆ ಸುತ್ತಲೂ ಗೆರೆ ಎಳೆದಳು, ಪಕ್ಕದಲ್ಲಿ ತಾರೀಖು ಬರೆದಳು. ಒಡಕಿನ ಎರಡು ತುದಿಗೂ ಅಡ್ಡ ಗೆರೆ, ತಾರೀಖು. ಅಳತೆಪಟ್ಟಿ ಹಿಡಿದು ಫೋಟೋ ತೆಗೆದಳು, ಹತ್ತಿರದಿಂದ ಒಂದು, ಇಡೀ ಗೋಡೆ ಕಾಣುವಂತೆ ಒಂದು. ಬ್ಯಾಂಕಿನಲ್ಲಿ ಚೆಕ್ಕಿನ ಮೇಲೆ ಮುದ್ರೆ ಒತ್ತುವಾಗ ಇರುವಂಥ ಮುಖ. ಸ್ನಾನಕ್ಕೆ ಇನ್ನು ಕೆಳಗಿನ ಬಚ್ಚಲು, ಮೇಲಿನದನ್ನು ಬಳಸಬಾರದು ಎಂದೂ ಶ್ರೀಪಾದರಾವ್ ಹೇಳಿಹೋದರು.

ನೋಟೀಸನ್ನು ಸುಮೇಧಾ ಮರಾಠಿಯಲ್ಲಿ ಬರೆದಳು. ಮನೆ ಯಾವುದು, ಕರಾರಿನ ತಾರೀಖು ಯಾವುದು, ಹದಿನಾಲ್ಕನೆಯ ಕಲಮು, ಹಸ್ತಾಂತರದ ತಾರೀಖು, ಯಾವ ದೋಷ ಎಲ್ಲಿ, ಮೊದಲು ಕಂಡದ್ದು ಯಾವಾಗ, ಏಳು ದಿನದೊಳಗೆ ಬಂದು ನೋಡಬೇಕು. ಬೈಗುಳ ಇಲ್ಲ, ನೋವೂ ಇಲ್ಲ. ಅರ್ಧ ಹಾಳೆಯಾಯಿತು. ಕರಾರಿನಲ್ಲಿ ಮಾಲೀಕರೆಂದು ಶ್ರೀಶನ ಜೊತೆ ಅವಳ ಹೆಸರೂ ಇತ್ತು, ಹಾಗಾಗಿ ಸಹಿ ಅವಳದೇ. ಸಹಿಯ ಮೇಲೆ ಎರಡು ಹೆಸರಿನ ಜಾಗ ಬಿಟ್ಟು ಬರೆದಿದ್ದಳು. ಆಮೇಲೆ ನೋಡಿ, ಬೇರೆ ಹಾಳೆ ತಗೊಂಡು, ಒಂದೇ ಹೆಸರಿನ ಜಾಗ ಬಿಟ್ಟು ಮತ್ತೆ ಬರೆದಳು.

ಗುರುವಾರ ಅವಳು ಅರ್ಧ ದಿನ ರಜೆ ಹಾಕಿದಳು. ಇಬ್ಬರೂ ಬಜಾಜ್ ನಗರದಲ್ಲಿದ್ದ ನಿಖಾಡೆಯ ಆಫೀಸಿಗೆ ಹೋದೆವು. ಕೆಳಗೆ ಹಾರ್ಡ್‌ವೇರ್ ಅಂಗಡಿ, ಮೇಲೆ ಅವನ ಒಂದು ಕೋಣೆ. ಗೋಡೆಗೆ ಫರಸಿಯ ತುಂಡುಗಳ ಸಾಲು. ನಮ್ಮನ್ನು ನೋಡಿ ಎದ್ದು ಕುರ್ಚಿ ಎಳೆದ.

"ಪೇಂಟರ್‌ನ ಯಾಕ ವಾಪಸ್ ಕಳಸಿದ್ರಿ ಆಯಿ?"

ಸುಮೇಧಾ ನೋಟೀಸಿನ ಎರಡು ಪ್ರತಿ ಮೇಜಿನ ಮೇಲೆ ಇಟ್ಟಳು. "ಭಾವು, ಒಂದು ನೀವು ಇಟ್ಟುಕೊಳ್ರಿ. ಇನ್ನೊಂದರ ಮ್ಯಾಲ ಸಿಕ್ಕಿತು ಅಂತ ಸಹಿ ಹಾಕಿಕೊಡ್ರಿ, ತಾರೀಖು ಹಾಕ್ರಿ."

ಅವನು ಓದಿದ. ಅರ್ಧಕ್ಕೆ ನಿಲ್ಲಿಸಿದ. "ವಹಿನಿ, ವರ್ಷ ಮುಗೀತಲ್ಲ. ಹಾಲು ಉಕ್ಕಿಸಿದ ದಿನ ನಾನೇ ಇದ್ದೆ. ಪೇಢೆ ತಿಂದೀನಿ. ಮನಿಯಾಗ ಒಲಿ ಹೊತ್ತಿತು ಅಂದ್ರ ಮನಿ ನಿಮ್ಮದಾತು. ಎಲ್ಲಾರೂ ಹಂಗ ಹಿಡೀತಾರ."

ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಅನಿಸಲಿಲ್ಲ. ನನ್ನ ಲೆಕ್ಕದಲ್ಲೂ ಮನೆ ನಮ್ಮದಾದದ್ದು ಅವತ್ತೇ.

ಸುಮೇಧಾ ಹಸ್ತಾಂತರ ಪತ್ರದ ಝೆರಾಕ್ಸ್ ತೆಗೆದು ಅವನ ಕಡೆ ಸರಿಸಿದಳು. ಅವನು ಕೆಳಗಿನ ಸಾಲುಗಳನ್ನು ಓದಿದ. ತನ್ನ ಸಹಿಯನ್ನು ನೋಡಿದ. ಮೇಲಿನ ಸಹಿಯನ್ನೂ ನೋಡಿದ. ಫ್ಯಾನಿನ ಗಾಳಿಗೆ ಹಾಳೆ ಏಳದಂತೆ ಅಂಗೈ ಇಟ್ಟ.

"ಅವಸರಾ ಯಾರು ಮಾಡಿದ್ರು, ಕೇಳ್ರಿ," ಎಂದ ಮೆಲ್ಲಗೆ. "ಶುಕ್ರವಾರದೊಳಗ ಮ್ಯಾಲಿನ ಬಚ್ಚಲಾನೂ ಆಗಬೇಕು, ನೆಂಟರು ಬರ್ತಾರ, ಹೊಲಸ ಕಾಣಬಾರದು ಅಂತ. ಒಂದು ದಿನಾದಾಗ ಫರಸಿ ಕೂಡಿಸಿದ್ವಿ. ನೀರು ಇಳೀಲಾರದಂಗ ಹಚ್ಚೋ ಔಷಧದ ಎರಡನೇ ಕೋಟು ಒಣಗಲಿಕ್ಕೂ ಬಿಡಲಿಲ್ಲ. ನೀರು ನಿಲ್ಲಿಸಿ ನೋಡಲಿಕ್ಕೂ ಇಲ್ಲ."

"ನಾನ," ಎಂದೆ. "ಅವಸರಾ ಮಾಡಿದಾಕಿ ನಾನ."

ಸುಮೇಧಾ ನನ್ನ ಕಡೆ ನೋಡಲಿಲ್ಲ. "ಆಗೂದಿಲ್ಲ ಅಂತ ಅವತ್ತ ಹೇಳಬೇಕಿತ್ತು ಭಾವು," ಎಂದಳು. "ಕೆಲಸಾ ನಿಮಗ ಗೊತ್ತು, ಅವರಿಗೆ ಗೊತ್ತಿಲ್ಲ. ಸಹಿ ಹಾಕ್ರಿ. ಹಾಕದಿದ್ರ ಇದನ್ನ ಪೋಸ್ಟಿನಾಗ ಕಳಸ್ತೀನಿ, ಮುಟ್ಟಿದ್ದಕ್ಕ ಪೋಚ್ ಪಾವತಿ ನನಗ ಬರ್ತದ. ಹದಿನೆಂಟರೊಳಗ ಮುಟ್ಟಿದ್ರ ಸಾಕು."

"ಪೋಸ್ಟಿನ ತನಕಾ ಯಾಕ ವಹಿನಿ," ಎಂದು ಪೆನ್ನು ತೆಗೆದ. ತಾರೀಖು ಹಾಕುವಾಗ ಗೋಡೆಯ ಕ್ಯಾಲೆಂಡರ್ ನೋಡಿ ಹಾಕಿದ. ಸಹಿ ಮಾಡಿ ಪ್ರತಿಯನ್ನು ವಾಪಸು ಕೊಡುತ್ತಾ, "ಶ್ರೀಶಭಾವು ಈ ಪತ್ರ ಬರೆಯುವಾಗ ನಾನು ನಕ್ಕಿದ್ದೆ. ಪೂಜೆಯ ಮಾತು ಕರಾರಿನೊಳಗ ಯಾರು ಬರೀತಾರ ಅಂದೆ. 'ನಮ್ಮ ಅವ್ವನ್ನ ನೀವು ನೋಡಿಲ್ಲ' ಅಂದ್ರು," ಎಂದ.

ಶುಕ್ರವಾರ ಅವನು ಮೇಸ್ತ್ರಿ ಶಾಮನನ್ನು ಕರೆದುಕೊಂಡು ಬಂದ. ಶ್ರೀಪಾದರಾವ್ ಕೂಡ ಬಂದರು. ಮಹಡಿಯ ಬಚ್ಚಲು ಎರಡು ದಿನದಿಂದ ಒಣಗಿತ್ತು. ಮೊದಲು ನಲ್ಲಿಗಳನ್ನೆಲ್ಲ ಮುಚ್ಚಿ, ಮೀಟರನ್ನು ಅರ್ಧ ತಾಸು ನೋಡಿದರು. ಮುಳ್ಳು ಅಲುಗಲಿಲ್ಲ. ನೀರು ತರುವ ಪೈಪು ಸರಿ ಇದೆ ಎಂದು ಅದರ ಅರ್ಥ. ಆಮೇಲೆ ಶಾಮ ನೀರು ಹೋಗುವ ಕಿಂಡಿಗೆ ಬಟ್ಟೆ ಸುತ್ತಿದ ಬಿರಡೆ ಬಡಿದು, ನೆಲದ ಮೇಲೆ ಎರಡು ಇಂಚು ನೀರು ನಿಲ್ಲಿಸಿದ. ನೀರಿನ ಮಟ್ಟಕ್ಕೆ ಗೋಡೆಯ ಫರಸಿಯ ಮೇಲೆ ಗೆರೆ ಎಳೆದ.

"ನಾಲ್ವತ್ತೆಂಟು ತಾಸು," ಎಂದರು ಶ್ರೀಪಾದರಾವ್. "ಬಾಗಲಾ ಹಾಕಿ ಬಿಡ್ರಿ. ಕೆಳಗ ಕೂತು ನೋಡ್ರಿ."

ನಾವು ಕೆಳಗೆ ಕುಳಿತು ನೋಡಿದೆವು. ಶನಿವಾರ ಬ್ಯಾಂಕಿಗೆ ರಜೆ, ಎರಡನೆಯ ಶನಿವಾರ. ಹೊರಗೆ ಮಳೆ ಇರಲಿಲ್ಲ, ಸೆಖೆ ಇತ್ತು. ಸುಮೇಧಾ ಮಂಚದ ಮೇಲೆ, ನಾನು ಕುರ್ಚಿಯಲ್ಲಿ. ನಾನು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಎಂಟು ತಿಂಗಳಲ್ಲಿ ನಾವಿಬ್ಬರು ಒಂದೇ ಕೋಣೆಯಲ್ಲಿ ಅಷ್ಟು ಹೊತ್ತು ಕುಳಿತದ್ದು ಅದೇ ಮೊದಲು. ಮಧ್ಯಾಹ್ನ ಮೂರಕ್ಕೆ ಪೆನ್ಸಿಲ್ ಗೆರೆಯ ಹೊರಗೆ ಗೋಡೆ ಕಪ್ಪಾಯಿತು. ನಾಲ್ಕಕ್ಕೆ ಛಾವಣಿಯ ಮೂಲೆಯಲ್ಲಿ ಒಂದು ಹನಿ ಕೂಡಿತು. ಬೀಳಲು ಬಹಳ ಹೊತ್ತು ತೆಗೆದುಕೊಂಡಿತು.

"ಬಿತ್ತು," ಎಂದಳು ಸುಮೇಧಾ. ಫೋನಿನಲ್ಲಿ ಹಿಡಿದುಕೊಂಡಳು. ವೇಳೆ ಬರೆದುಕೊಂಡಳು.

ನಾನು ಸೊಪ್ಪು ಪಕ್ಕಕ್ಕೆ ಇಟ್ಟೆ. "ನಾನು ಹಟಾ ಮಾಡದಿದ್ರ ಇದು ಆಗ್ತಿದ್ದಿಲ್ಲ."

"ನನಗ ಗೊತ್ತಿತ್ತು ಅತ್ಯಾ."

"ಏನು?"

"ಅವರು ಹೇಳಿದ್ರು. ಆ ವಾರಾನ ಹೇಳಿದ್ರು. ಬಚ್ಚಲಾ ಅವಸರಾ ಮಾಡಾಕತ್ತಾರ, ತಡೀಬೇಕು ಅಂತ ನಾನಂದೆ. 'ಅವ್ವಗ ಹಾಲು ಉಕ್ಕಲಿ, ಕಾಗದಾ ನಾ ನೋಡ್ಕೋತೀನಿ' ಅಂದ್ರು."

ಅವಳ ದನಿಯಲ್ಲಿ ಏರಿಳಿತ ಇರಲಿಲ್ಲ. ನನ್ನ ಮೇಲೆ ಸಿಟ್ಟು ಇದೆಯೇ ಎಂದು ಹುಡುಕಿದೆ, ಕಾಣಲಿಲ್ಲ. ಇಲ್ಲ ಎಂದು ಖಚಿತವಾಗಿ ಹೇಳಲೂ ಆಗಲಿಲ್ಲ. ಮತ್ತೊಂದು ಹನಿ ಕೂಡತೊಡಗಿತ್ತು. ಇಬ್ಬರೂ ಅದನ್ನು ನೋಡಿದೆವು.

ರವಿವಾರ ನಿಖಾಡೆ ಬಂದು ಮೇಲಿನ ಗೆರೆ ನೋಡಿದ. ನೀರು ಎರಡು ಬೆರಳು ಇಳಿದಿತ್ತು. ಕೆಳಗೆ ಗೋಡೆ ನೋಡಿದ. ವಾದ ಮಾಡಲಿಲ್ಲ. ತಾನು ಕಂಡದ್ದನ್ನು ನೋಟೀಸಿನ ಹಿಂದೆ ಎರಡು ಸಾಲು ಬರೆದು ಸಹಿ ಮಾಡಿದ. "ನಾಳೆ ಒಡೀತೀನಿ," ಎಂದ.

ಒಡೆಯುವುದು ಎಂದರೆ ಮೇಲಿನ ಬಚ್ಚಲಿನ ಆ ಫರಸಿಗಳನ್ನು. ಕಡಲಿನಂಥ ಹಸಿರು, ಮಾಸಿದ ಹಸಿರು. ಶ್ರೀಶ ಮೂರು ರವಿವಾರ ಅಂಗಡಿ ಸುತ್ತಿ ತಂದದ್ದು. ನಮ್ಮಿಬ್ಬರಿಗೂ ಅದು ತಿಳಿದಿತ್ತು. ಸೋಮವಾರ ಸುಮೇಧಾ ಬೇಗನೆ ಬ್ಯಾಂಕಿಗೆ ಹೊರಟಳು. ಬಾಗಿಲಲ್ಲಿ ನಿಂತು, "ಕಪಾಟಿನ ಮ್ಯಾಲ ಒಂದು ರಟ್ಟಿನ ಖೋಕಾ ಅದ ಅತ್ಯಾ. ಉಳಿದ ಫರಸಿ. ಒಡದ್ರ ಬೇಕಾಗ್ತದ ಅಂತ ಇಟ್ಟಿದ್ರು," ಎಂದು ಹೋದಳು.

ಸುತ್ತಿಗೆಯ ಸಪ್ಪಳ ಇಡೀ ದಿನ ಇತ್ತು. ನಾನು ಕೆಳಗೆ ಅನ್ನ ಇಟ್ಟೆ, ಸಾರು ಮಾಡಿದೆ, ಪಾತ್ರೆ ತೊಳೆದೆ. ಮಧ್ಯಾಹ್ನ ಶಾಮ ಕರೆದ. ಹೋಗಿ ನೋಡಿದೆ. ನೀರು ಹೋಗುವ ಪೈಪಿನ ಕೊರಳಿನ ಸುತ್ತ ಕರಿಯ ಔಷಧದ ಪದರು ಇರಲಿಲ್ಲ. ನಾಲ್ಕು ಬೆರಳು ದೂರಕ್ಕೆ ನಿಂತುಬಿಟ್ಟಿತ್ತು. ಉಳಿದಲ್ಲೂ ಪದರು ತೆಳು, ಉಗುರು ಹಚ್ಚಿದರೆ ಏಳುತ್ತಿತ್ತು.

"ಆ ದಿನಾ ಕತ್ತಲಿ ಆಗಿತ್ತು ಆಯಿ," ಎಂದ ಶಾಮ. ಅಷ್ಟೇ ಹೇಳಿದ. ನಾನು ಅವನಿಗೆ ಮಜ್ಜಿಗೆ ಕೊಟ್ಟೆ.

ಈ ಸಲ ಯಾರೂ ಅವಸರ ಮಾಡಲಿಲ್ಲ. ಪೈಪಿನ ಕೊರಳಿಗೆ ಗಟ್ಟಿಯಾಗಿ ಗಾರೆ ಬಿಗಿದು ಒಂದು ದಿನ ಬಿಟ್ಟರು. ಒಂದು ಕೋಟು, ಒಂದು ದಿನ. ಇನ್ನೊಂದು ಕೋಟು, ಇನ್ನೊಂದು ದಿನ. ಫರಸಿ ಕೂಡಿಸುವ ಮುಂಚೆಯೇ ಮತ್ತೆ ಎರಡು ದಿನ ನೀರು ನಿಲ್ಲಿಸಿದರು. ಕೆಳಗೆ ಪೆನ್ಸಿಲ್ ಗೆರೆಯ ಹೊರಗೆ ಹೊಸ ಹಸಿ ಬರಲಿಲ್ಲ. ತೊಲೆಯ ಕೆಳಗಿನ ಒಡಕನ್ನು ಇಂಗ್ಲಿಷ್ ವಿ ಆಕಾರದಲ್ಲಿ ಕೆತ್ತಿ, ತಂತಿ ಜಾಳಿಗೆ ಹೊಡೆದು, ಮತ್ತೆ ಗಿಲಾವು ಮಾಡಿದರು. ಕಿಟಕಿಯ ಕೂದಲಗೆರೆಗಳನ್ನೂ ಶಾಮ ಕೇಳದೆಯೇ ತುಂಬಿದ. ಖೋಕಾದಲ್ಲಿ ಹನ್ನೊಂದು ಫರಸಿ ಇದ್ದವು, ಬೇಕಾದದ್ದು ಹದಿನಾಲ್ಕು. ಆ ಬಣ್ಣ ಈಗ ಎಲ್ಲೂ ಬರುವುದಿಲ್ಲವಂತೆ. ಕಿಂಡಿಯ ಪಕ್ಕಕ್ಕೆ ಮೂರು ಬಿಳಿಯವನ್ನು ಹಾಕಿದರು.

ಇಪ್ಪತ್ತನಾಲ್ಕನೆಯ ತಾರೀಖು, ಗುರುವಾರ ಸಂಜೆ ಕೆಲಸ ಮುಗಿಯಿತು. ಸುಮೇಧಾ ದುರಸ್ತಿಯ ಪತ್ರ ಬರೆದಿಟ್ಟಿದ್ದಳು. ಏನು ದೋಷ, ಏನು ಮಾಡಿದರು, ನೀರಿನ ಪರೀಕ್ಷೆ ಯಾವ ದಿನದಿಂದ ಯಾವ ದಿನದವರೆಗೆ. ಉಳಿದ ಮನೆಯ ಅವಧಿ ಮುಗಿದಿತ್ತು. ದುರಸ್ತಿ ಮಾಡಿದ ಭಾಗಕ್ಕೆ ಮಾತ್ರ ಮುಗಿದ ದಿನದಿಂದ ಮತ್ತೆ ಹನ್ನೆರಡು ತಿಂಗಳು ಹೊಣೆ ಎಂದು ಕರಾರಿನಲ್ಲೇ ಇತ್ತು. ಆ ತಾರೀಖಿನ ಜಾಗ ಖಾಲಿ ಬಿಟ್ಟಿದ್ದಳು.

ನಿಖಾಡೆ ಪೆನ್ನು ಹಿಡಿದು ನಿಂತ. "ಆಯಿ, ಇವತ್ತು ಅವಸ. ಅಮಾವಾಸ್ಯೆ. ನೀವು ಇಂಥಾದ್ದೆಲ್ಲಾ ನೋಡ್ತೀರಿ. ನಾಳೆ ಶ್ರಾವಣ ಹತ್ತುತ್ತದ, ಶುಕ್ರವಾರಾನೂ ಅದ. ನಾಳೆದು ಹಾಕ್ಲೇನು?"

ಅವನು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಸುಮೇಧಾ ನನ್ನ ಕಡೆ ನೋಡಿದಳು. ಪಾತ್ರೆ ತೊಳೆಯುತ್ತಿದ್ದವಳು ಅರ್ಧಕ್ಕೆ ಎದ್ದು ಬಂದಿದ್ದೆ, ನನ್ನ ಕೈ ಬೂದಿಯಾಗಿತ್ತು.

"ಮುಗದದ್ದು ಯಾವತ್ತು?" ಎಂದೆ.

"ಇವತ್ತು."

"ಹಂಗಾರ ಇವತ್ತಿಂದ ಹಾಕು."

ಹಾಕಿದ. ಸುಮೇಧಾ ಸಹಿ ಮಾಡಿದಳು, ಸಾಕ್ಷಿಯ ಜಾಗದಲ್ಲಿ ನಾನು. ತಡೆದ ಹಣವನ್ನು ಅವಳು ಅವನ ಎದುರಿಗೇ ಫೋನಿನಲ್ಲಿ ಕಳಿಸಿದಳು. ಅವನು ಮಗಳ ಲಗ್ನದ ಕಾರ್ಡು ಕೊಟ್ಟು ನಮಸ್ಕಾರ ಮಾಡಿ ಹೋದ. ನಾನು ಕಾರ್ಡನ್ನು ದೇವರ ಮುಂದೆ ಇಟ್ಟೆ, ಪತ್ರವನ್ನು ನೀಲಿ ಫೈಲಿನಲ್ಲಿ ಶ್ರೀಶನ ಹಾಳೆಯ ಹಿಂದೆ ಇಟ್ಟೆ.

ಗೋಡೆಗೆ ಈಗಲೇ ಬಣ್ಣ ಬೇಡ, ಒಳಗಿನ ಹಸಿ ಹೊರಬೀಳಲು ಎರಡು ತಿಂಗಳು ಬಿಡಿ ಎಂದು ಶ್ರೀಪಾದರಾವ್ ಹೇಳಿದ್ದರು. ಕೆರೆದ ಗೋಡೆ ಹಾಗೇ ಬಿಟ್ಟಿದ್ದೇವೆ. ಪೆನ್ಸಿಲ್ ಗೆರೆ, ತಾರೀಖುಗಳು ಅದರ ಮೇಲಿವೆ. ಸುಮೇಧಾ ಮತ್ತೆ ಮೇಲಿನ ಬಚ್ಚಲಿಗೆ ಸ್ನಾನಕ್ಕೆ ಹೋಗುತ್ತಾಳೆ. ಬಂದು, ಒದ್ದೆ ಕೂದಲಿನಲ್ಲೇ ಗೋಡೆಯ ಹತ್ತಿರ ಹೋಗಿ ಅಂಗೈ ಇಟ್ಟು ನೋಡುತ್ತಾಳೆ.

ನಿನ್ನೆ ಮಂಚ ಒಂದು ಗೇಣು ಗೋಡೆಯ ಕಡೆ ಸರಿದಿತ್ತು.

"ಒಣಗ್ಯದೇನವಾ?" ಎಂದು ಅಡುಗೆಮನೆಯಿಂದಲೇ ಕೇಳಿದೆ.

"ಇನ್ನೂ ಸ್ವಲ್ಪ ಅದ," ಎಂದಳು.